ಜರ್ಮನ್ ಬೋರ್ಡಿನ ಫೋಟೊ, ಕನ್ನಡದ ಟಿಪ್ಪಣಿ

ಬೆಂಗಳೂರಿನಲ್ಲಿ ಬಿಇ ಮುಗಿಸಿ, ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲೋ ಮನೆ ಹತ್ತಿರದ ಕ್ಲಾಸಿನಲ್ಲೋ ಬಿ2 ಮಟ್ಟದ ತನಕ ಜರ್ಮನ್ ಕಲಿತು ಓದಲೆಂದು ಜರ್ಮನಿಯ ವಿಮಾನ ಹತ್ತಿದವರಿಗೆ ಅಲ್ಲಿ ಮೊದಲ ಪೆಟ್ಟು ಕೊಡುವುದು ಬೇಕರಿಯಲ್ಲೋ ಬಸ್ಸಿನಲ್ಲೋ ಕೇಳುವ ಮಾತಲ್ಲ, ತರಗತಿಯ ಬೋರ್ಡು. ಅಂಗಡಿಯಲ್ಲಿ ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳಬಹುದು. ಬೋರ್ಡನ್ನು ತೊಂಬತ್ತು ನಿಮಿಷದಲ್ಲಿ ನಾಲ್ಕೈದು ಸಲ ಅಳಿಸುತ್ತಾರೆ. ಹಾಗಾಗಿ ಎಲ್ಲರೂ ಫೋಟೊ ಹೊಡೆಯುತ್ತಾರೆ, ಸಂಜೆ ಫೋನಿನ ಅನುವಾದದ ಗುಂಡಿ ಒತ್ತಿ ಕನ್ನಡದಲ್ಲಿ ಓದಿಕೊಳ್ಳೋಣ ಎಂದುಕೊಳ್ಳುತ್ತಾರೆ. ಗುಂಡಿ ಒತ್ತಿದ ಮೇಲೆ ಬರುವ ಕನ್ನಡವನ್ನು ನೋಡಿ, ಇದಕ್ಕಿಂತ ಜರ್ಮನ್ನೇ ವಾಸಿ ಅನ್ನಿಸುತ್ತದೆ.

ಅದು ಅನುವಾದ ಯಂತ್ರದ ತಪ್ಪು ಮಾತ್ರವಲ್ಲ. ಬೋರ್ಡಿನ ಮೇಲೆ ನಾಲ್ಕು ಬಗೆಯ ಬರಹ ಒಟ್ಟಿಗೆ ಇರುತ್ತದೆ: ಪಾರಿಭಾಷಿಕ ಹೆಸರುಗಳು, ಚಿಹ್ನೆಗಳು, ಅಂಕಿಗಳು ಮತ್ತು ವಾಕ್ಯಗಳು. ಇವುಗಳಲ್ಲಿ ಕನ್ನಡಕ್ಕೆ ಬರಬೇಕಾದದ್ದು ಕೊನೆಯದು ಮಾತ್ರ. ಹೆಸರುಗಳನ್ನು ಜರ್ಮನ್ನಿನಲ್ಲೇ ಇಟ್ಟುಕೊಳ್ಳಬೇಕು, ಏಕೆಂದರೆ ಪರೀಕ್ಷೆಯ ಪ್ರಶ್ನೆ ಜರ್ಮನ್ನಿನಲ್ಲೇ ಇರುತ್ತದೆ. ಚಿಹ್ನೆಗಳನ್ನು ಇದ್ದ ಹಾಗೆ ಬರೆದುಕೊಳ್ಳಬೇಕು. ಅಂಕಿಗಳನ್ನು ಕಣ್ಣಾರೆ ನೋಡಿ ಕೈಯಾರೆ ಇಳಿಸಬೇಕು. ಏನಾದರೆ ಏನಾಗುತ್ತದೆ, ಯಾವ ಷರತ್ತಿಗೆ, ಯಾಕೆ ಎಂಬ ಮಾತುಗಳನ್ನಷ್ಟೇ ಕನ್ನಡದಲ್ಲಿ ಹೇಳಿಕೊಳ್ಳಬೇಕು. ಫೋನು ಈ ನಾಲ್ಕನ್ನೂ ಒಂದೇ ಒರಳಿಗೆ ಹಾಕಿ ರುಬ್ಬುತ್ತದೆ.

ಇದನ್ನು ಒಂದೇ ಒಂದು ಬೋರ್ಡಿನ ಉದಾಹರಣೆ ಹಿಡಿದು ಹೇಳುತ್ತೇನೆ: ಗೋಡೆಯ ಮೂಲಕ ಶಾಖ ಹೇಗೆ ದಾಟುತ್ತದೆ ಎಂಬ ಪಾಠ. ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ಮೂರರಲ್ಲೂ ಬರುವ ವಿಷಯ. ವಿಟಿಯು ಸಿಲೆಬಸ್ಸಿನಲ್ಲಿ ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಲೆಕ್ಕ ಹೊಸದೇನಲ್ಲ, ವೇಷ ಮಾತ್ರ ಹೊಸದು.

ಮೊದಲು ಫೋಟೊದ ಮಾತು. ಪ್ರೊಜೆಕ್ಟರಿನಲ್ಲಿ ಕಾಣುವ ಸ್ಲೈಡಿಗೆ ಫೋಟೊ ಹೊಡೆಯುವುದು ಬಹುಮಟ್ಟಿಗೆ ದಂಡ. ಹೆಚ್ಚಿನ ಪ್ರಾಧ್ಯಾಪಕರು ಸ್ಲೈಡಿನ ಪಿಡಿಎಫ್ ಅನ್ನು ಮೂಡಲ್‌ನಂಥ ತಾಣದಲ್ಲಿ ಹಾಕಿರುತ್ತಾರೆ. ಅದರಿಂದ ಅಕ್ಷರಗಳನ್ನು ನೇರವಾಗಿ ಕಾಪಿ ಮಾಡಿಕೊಳ್ಳಬಹುದು, ಓದುವಾಗ ಆಗುವ ತಪ್ಪುಗಳು ಅರ್ಧಕ್ಕರ್ಧ ಅಲ್ಲೇ ತಪ್ಪುತ್ತವೆ. ಫೋಟೊ ಬೇಕಾಗುವುದು ಬೋರ್ಡಿಗೆ, ಸ್ಲೈಡಿನ ಮೇಲೆ ಪ್ರಾಧ್ಯಾಪಕರು ಪೆನ್ನಿನಲ್ಲಿ ಗೀಚಿದ್ದಕ್ಕೆ, ಪಿಡಿಎಫ್‌ನಲ್ಲಿ ಬೇಕೆಂದೇ ಖಾಲಿ ಬಿಟ್ಟ ಜಾಗಗಳಿಗೆ. ಫೋಟೊ ತೆಗೆಯಬಹುದೇ ಎಂದು ಸೆಮಿಸ್ಟರಿನ ಮೊದಲ ವಾರದಲ್ಲೇ ಕೇಳಿಬಿಡುವುದು ಒಳ್ಳೆಯದು. ಸ್ವಂತ ಓದಿಗೆ ಎಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಅದನ್ನು ಗುಂಪುಗಳಿಗೆ ಹಂಚುವುದು ಬೇರೆ ವಿಷಯ.

ಬೋರ್ಡಿಗೆ ಎದುರಾಗಿ ನಿಂತರೆ ಕಿಟಕಿಯ ಬೆಳಕೋ ಟ್ಯೂಬ್‌ಲೈಟೋ ಬಿಳಿ ಬೋರ್ಡಿನ ಮೇಲೆ ಹೊಳೆದು ನಡುವಿನ ಎರಡು ಸಾಲು ನುಂಗಿಬಿಡುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹೊಳಪು ಬೇರೆ ಕಡೆ ಹೋಗುತ್ತದೆ. ಆಗ ಚೌಕ ಓರೆಯಾಗಿ ಬರುತ್ತದೆ, ಅದನ್ನು ಫೋನಿನ ಡಾಕ್ಯುಮೆಂಟ್ ಸ್ಕ್ಯಾನ್ ನೆಟ್ಟಗೆ ಮಾಡುತ್ತದೆ. ಓರೆಯನ್ನು ಸರಿಮಾಡಬಹುದು, ಹೊಳಪಿನಲ್ಲಿ ಕಳೆದುಹೋದದ್ದನ್ನು ತರಲಾಗುವುದಿಲ್ಲ. ಇಡೀ ಬೋರ್ಡು ಒಂದೇ ಚಿತ್ರದಲ್ಲಿ ಹಿಡಿಸಬೇಕೆಂಬ ಆಸೆಯೂ ಬೇಡ. ಮೂರು ಭಾಗವಾಗಿ, ಅಂಚುಗಳು ಒಂದರ ಮೇಲೊಂದು ಸ್ವಲ್ಪ ಬರುವಂತೆ ತೆಗೆದರೆ ಪಾದಾಂಕಗಳು ಓದುವಷ್ಟು ದೊಡ್ಡದಾಗಿ ಬರುತ್ತವೆ. ಪ್ರೊಜೆಕ್ಟರಿನ ಪರದೆಗೇ ಹೊಡೆಯಬೇಕಾಗಿ ಬಂದರೆ ಫೋನಿನಲ್ಲಿ ಬಿಳಿ ಭಾಗದ ಮೇಲೆ ಬೆರಳಿಟ್ಟು ಬೆಳಕು ಇಳಿಸಿ. ಚಿತ್ರದಲ್ಲಿ ಬಣ್ಣದ ಪಟ್ಟೆಗಳು ಬಂದರೆ ಶಟರ್ ಅತಿವೇಗವಾಯಿತು ಎಂದರ್ಥ. ಕೆಲವು ಪ್ರೊಜೆಕ್ಟರುಗಳು ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ಬೀರುವುದರಿಂದ ಹಾಗಾಗುತ್ತದೆ. ಪ್ರೊ ಮೋಡಿನಲ್ಲಿ 1/60 ಸೆಕೆಂಡು ಅಥವಾ ಅದಕ್ಕಿಂತ ನಿಧಾನ ಇಟ್ಟರೆ ಪಟ್ಟೆ ಹೋಗುತ್ತದೆ.

ಗೆಳೆಯರಿಂದ ಫೋಟೊ ತರಿಸಿಕೊಳ್ಳುವುದಾದರೆ ವಾಟ್ಸ್ಆಪ್‌ನಲ್ಲಿ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಫೋಟೊ ಎಂದು ಕಳಿಸಿದರೆ ಚಿತ್ರವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಅಕ್ಷರಗಳು ಹೇಗೋ ಉಳಿದುಕೊಳ್ಳುತ್ತವೆ. ಮೊದಲು ಸಾಯುವುದು ಚುಕ್ಕೆ ಮತ್ತು ಅಲ್ಪವಿರಾಮ. ಈ ಲೆಕ್ಕದಲ್ಲಿ ಪ್ರಾಣ ಇರುವುದೇ ಅವುಗಳಲ್ಲಿ.

ನಮ್ಮ ಬೋರ್ಡು ಇದು:

```
Wärmedurchgang durch eine ebene Wand
Ann.: stationär, eindimensional,
      keine inneren Wärmequellen

Schicht     d in cm   λ in W/(m·K)
Innenputz     1,5       0,70
Mauerwerk    24         0,50    ρ = 1.200 kg/m³
Dämmung      14         0,035

Rsi = 0,13 m²K/W   Rse = 0,04 m²K/W
ϑi = 20 °C         ϑe = -10 °C
ges.: U, q̇
```

ಒಳಗಡೆ ಗಾರೆ, ನಡುವೆ ಇಟ್ಟಿಗೆ, ಹೊರಗಡೆ ಶಾಖ ತಡೆಯುವ ಪದರ. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 10. λ ಎಂದರೆ ವಸ್ತು ಶಾಖವನ್ನು ಎಷ್ಟು ಸಲೀಸಾಗಿ ಸಾಗಿಸುತ್ತದೆ ಎಂಬ ಅಳತೆ, U ಎಂದರೆ ಇಡೀ ಗೋಡೆ ಶಾಖವನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎಂಬುದು, q̇ ಎಂದರೆ ಒಂದು ಚದರ ಮೀಟರಿನಲ್ಲಿ ಸೆಕೆಂಡಿಗೆ ದಾಟುವ ಶಾಖ. U ಮತ್ತು q̇ ಕಂಡುಹಿಡಿಯಬೇಕು. ಕೊನೆಯ ಸಾಲಿನ ಮೂರಕ್ಷರದ ಸಂಕ್ಷೇಪದ ಅರ್ಥ ಅದೇ, ಕಂಡುಹಿಡಿಯಬೇಕಾದದ್ದು. ಅದರ ಜೋಡಿ `geg.:` ಎಂದರೆ ಕೊಟ್ಟಿರುವುದು, `Ann.:` ಎಂದರೆ ಹೀಗೆಂದು ಭಾವಿಸಿದೆ, `Lsg.:` ಎಂದರೆ ಉತ್ತರ. ನಿಘಂಟಿನಲ್ಲಿ ಹುಡುಕಿದರೆ ಇವು ಸುಲಭಕ್ಕೆ ಸಿಗುವುದಿಲ್ಲ, ಅನುವಾದದ ಆಪ್ ಇವುಗಳನ್ನು ಯಾರದೋ ಹೆಸರೆಂದೋ ವಾಕ್ಯದ ಕೊನೆಯೆಂದೋ ಎಣಿಸುತ್ತದೆ. `d. h.` ಕೂಡ ಹಾಗೆಯೇ: ಅಂದರೆ, ಎಂದರ್ಥ. ಎರಡು ಚುಕ್ಕೆ ಇರುವುದರಿಂದ ಯಂತ್ರ ಅಲ್ಲಿಗೆ ವಾಕ್ಯವನ್ನು ಕತ್ತರಿಸಿ, ಕಾರಣ ಒಂದು ತುಂಡಾಗಿ, ಪರಿಣಾಮ ಇನ್ನೊಂದು ತುಂಡಾಗಿ ಅನುವಾದಿಸಬಹುದು. ಇಂಥ ಹತ್ತು ಹನ್ನೆರಡು ಸಂಕ್ಷೇಪಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡರೆ ಒಂದು ಸೆಮಿಸ್ಟರಿಗೆ ಸಾಕು.

ಫೋನಿನ ಗೂಗಲ್ ಲೆನ್ಸ್ ಚಿತ್ರದ ಮೇಲೆಯೇ ಕನ್ನಡವನ್ನು ಅಂಟಿಸಿ ತೋರಿಸುತ್ತದಲ್ಲ, ಅದು ಹೋಟೆಲಿನ ಮೆನು ಓದಲು ಚೆನ್ನ. ಓದಿಗೆ ಆಗುವುದಿಲ್ಲ. ಒತ್ತಕ್ಷರಗಳಿರುವ ಕನ್ನಡದ ಸಾಲಿಗೆ ಎತ್ತರ ಜಾಸ್ತಿ ಬೇಕು, ಜರ್ಮನ್ ಸಾಲಿನ ಜಾಗದಲ್ಲಿ ತುರುಕಿದಾಗ ಅಕ್ಷರ ಇರುವೆಯಷ್ಟಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಅಂಟಿಸಿದ ಪಟ್ಟಿಯ ಕೆಳಗೆ ಸೂತ್ರ ಮುಚ್ಚಿಹೋಗುತ್ತದೆ. ಮುಚ್ಚಿದ್ದು ಏನೆಂದು ನಿಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಅನುವಾದದ ಗುಂಡಿ ಬಿಟ್ಟು, ಅಕ್ಷರ ಕಾಪಿ ಮಾಡುವ ಗುಂಡಿ ಬಳಸಿ. ಲ್ಯಾಪ್‌ಟಾಪಿನಲ್ಲಿ ಮಾಡುವವರಿಗೆ ಚಿತ್ರದಿಂದ ಅಕ್ಷರ ಓದಿ ತೆಗೆಯುವ ಟೆಸರಾಕ್ಟ್ ಎಂಬ ತಂತ್ರಾಂಶ ಇದೆ, ಪುಕ್ಕಟೆ:

```
tesseract board.jpg tippani -l deu --psm 6
```

ಇಲ್ಲಿ `-l deu` ಮುಖ್ಯ, ಅದು ನಡೆಯಲು ಟೆಸರಾಕ್ಟಿನ ಜರ್ಮನ್ ಭಾಷೆಯ ಫೈಲನ್ನೂ ಇನ್‌ಸ್ಟಾಲ್ ಮಾಡಿಕೊಂಡಿರಬೇಕು. ಅದನ್ನು ಬಿಟ್ಟರೆ ಇಂಗ್ಲಿಷ್ ಎಂದು ಓದುತ್ತದೆ, `a`, `o`, `u`ಗಳ ತಲೆಯ ಮೇಲಿನ ಎರಡು ಚುಕ್ಕೆಗಳು ಮಾಯವಾಗಿ ಪದ ನಿಘಂಟಿಗೆ ಸಿಗದಂತಾಗುತ್ತದೆ. `--psm 6` ಎಂದರೆ ಇಡೀ ಚಿತ್ರವನ್ನು ಒಂದೇ ಗುಂಪಿನ ಬರಹ ಎಂದುಕೊ ಎಂದು ಹೇಳಿದಂತೆ; ಕೋಷ್ಟಕದ ಸಾಲುಗಳು ಚದುರಿ ಹೋಗುವುದು ಇದರಿಂದ ಕಡಿಮೆಯಾಗುತ್ತದೆ. ಐಫೋನಿನ ಚಿತ್ರ `HEIC` ರೂಪದಲ್ಲಿದ್ದರೆ ಮೊದಲು `JPG` ಮಾಡಿಕೊಳ್ಳಿ. ಅಚ್ಚಿನ ಅಕ್ಷರಕ್ಕೆ ಟೆಸರಾಕ್ಟ್ ಚೆನ್ನಾಗಿ ಆಗುತ್ತದೆ. ಕೈಬರಹಕ್ಕೆ ಆಗುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಬೋರ್ಡಿನ ಕೈಬರಹಕ್ಕೆ ಫೋನಿನದ್ದೇ ಉತ್ತಮ, ಅದೂ ಎಷ್ಟು ಉತ್ತಮ ಎನ್ನುವುದು ಪ್ರಾಧ್ಯಾಪಕರ ಕೈಯನ್ನು ಅವಲಂಬಿಸಿದೆ.

ಹೀಗೆ ತೆಗೆದ ಬರಹದಲ್ಲಿ ವಾಕ್ಯಗಳನ್ನು ನಂಬಬಹುದು, ಚಿಹ್ನೆಗಳನ್ನು ನಂಬುವಂತಿಲ್ಲ. λ ಎಂಬುದು A ಆಗಿಯೋ X ಆಗಿಯೋ ಬರಬಹುದು. ಜರ್ಮನ್ ಪುಸ್ತಕಗಳಲ್ಲಿ ಸೆಲ್ಸಿಯಸ್ ತಾಪಕ್ಕೆ ϑ, ಕೆಲ್ವಿನ್ ತಾಪಕ್ಕೆ T ಬರೆಯುವ ರೂಢಿ ಇದೆ. ಈ ϑ ಯಂತ್ರದ ಕಣ್ಣಿಗೆ 9 ಎಂದು ಕಂಡರೆ `ϑi = 20` ಎನ್ನುವುದು `9i = 20` ಆಗುತ್ತದೆ. ಇಂಥವು ಕಣ್ಣಿಗೆ ಹೊಡೆಯುವುದರಿಂದ ಅಪಾಯ ಕಡಿಮೆ. ಮೋಸ ಮಾಡುವುದು q̇ ಮೇಲಿನ ಚುಕ್ಕೆ. ಅದು ಬಿದ್ದುಹೋದರೂ ಸಾಲು ಸರಿಯಾಗಿಯೇ ಕಾಣುತ್ತದೆ. ಚುಕ್ಕೆ ಇದ್ದರೆ ಸೆಕೆಂಡಿಗೆ ಎಷ್ಟು ಎಂಬ ಹರಿವು, ಇಲ್ಲದಿದ್ದರೆ ಒಟ್ಟು ಮೊತ್ತ. ನಮ್ಮ ಕಡೆಯ ಪುಸ್ತಕಗಳಲ್ಲಿ ಹರಿವಿಗೂ ಚುಕ್ಕೆಯಿಲ್ಲದ Q, q ಬರೆಯುವ ಅಭ್ಯಾಸ ಇರುವುದರಿಂದ ಬೆಂಗಳೂರಿನಿಂದ ಹೋದವರಿಗೆ ಚುಕ್ಕೆ ಹೋದದ್ದು ಗೊತ್ತೇ ಆಗುವುದಿಲ್ಲ. ಪಕ್ಕದ ಏಕಮಾನ ನೋಡಿದರೆ ಗೊತ್ತಾಗುತ್ತದೆ: ಈ ಪದ್ಧತಿಯಲ್ಲಿ W ಇದ್ದರೆ ಚುಕ್ಕೆ ಇರಬೇಕು, J ಇದ್ದರೆ ಇರಬಾರದು.

ಇನ್ನು ಅಂಕಿಗಳು. ಜರ್ಮನ್ನರು ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ ಹಾಕುತ್ತಾರೆ, ನಮ್ಮದಕ್ಕೆ ತಿರುಗುಮುರುಗು. ಇದು ಎಲ್ಲರಿಗೂ ಗೊತ್ತು, ಹೋದ ಮೊದಲ ದಿನವೇ ಸೂಪರ್‌ಮಾರ್ಕೆಟಿನ ಬಿಲ್ಲಿನಲ್ಲಿ ಕಂಡಿರುತ್ತದೆ. ಆದರೂ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಇಟ್ಟಿಗೆಯ ಸಾಂದ್ರತೆ 1.200 ಎಂದಿದ್ದನ್ನು ಒಂದು ಪಾಯಿಂಟ್ ಎರಡು ಎಂದು ಬರೆದುಕೊಳ್ಳುವುದು ನಡೆದೇ ನಡೆಯುತ್ತದೆ. ಘನಮೀಟರಿಗೆ 1.2 ಕೆಜಿ ತೂಗುವುದು ಗಾಳಿ, ಇಟ್ಟಿಗೆಯಲ್ಲ. ಹೀಗೆ ಗೊತ್ತಿರುವ ವಸ್ತುವಿನ ಪಕ್ಕ ಇಟ್ಟು ನೋಡಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ಸಿಕ್ಕಿಬೀಳದ ತಪ್ಪು ಬೇರೆ ಇದೆ, ಅದಕ್ಕೆ ಪೂರ್ತಿ ಲೆಕ್ಕ ಮಾಡಿಯೇ ತೋರಿಸಬೇಕು. ಪ್ರತಿ ಪದರದ ದಪ್ಪವನ್ನು ಮೀಟರಿಗೆ ತಂದು ಅದರ λ ದಿಂದ ಭಾಗಿಸಿದರೆ ಆ ಪದರದ ತಡೆ ಸಿಗುತ್ತದೆ. ಗೋಡೆಯ ಎರಡೂ ಮೈಯ ಗಾಳಿಯ ತಡೆಗಳಾದ `Rsi`, `Rse` ಸೇರಿಸಿ ಕೂಡಿದರೆ ಒಟ್ಟು ತಡೆ; ಅದರ ತಲೆಕೆಳಗು U. ಅದನ್ನು ಒಳಹೊರಗಿನ ತಾಪದ ಅಂತರ 30 ರಿಂದ ಗುಣಿಸಿದರೆ q̇.

```
0.13 + 0.015/0.70 + 0.24/0.50 + 0.14/0.035 + 0.04
= 0.13 + 0.021 + 0.48 + 4.00 + 0.04 = 4.67 m²K/W
U = 1/4.67 = 0.214 W/(m²·K)
q̇ = 0.214 × 30 = 6.4 W/m²
```

ಒಟ್ಟು 4.67 ರಲ್ಲಿ 4.00 ಒಂದೇ ಪದರದ್ದು. ಈಗ ಫೋಟೊದಲ್ಲಿ ಆ ಪದರದ 0,035 ರ ಅಲ್ಪವಿರಾಮ ಹಿಂಡಿಹೋಗಿ `0035` ಎಂದು ಬಂತು ಅಂದುಕೊಳ್ಳಿ. ಮುಂದಿನ ಸೊನ್ನೆಗಳನ್ನು ಬಿಟ್ಟು 35 ಎಂದು ಇಳಿಸಿದರೆ ಆ ಪದರದ ತಡೆ 4.00 ರಿಂದ 0.004 ಕ್ಕೆ ಬೀಳುತ್ತದೆ. U ಆಗ 1.48. ಇದೇನು ಹುಚ್ಚು ಸಂಖ್ಯೆಯಲ್ಲ, ಅದೇ ತೊಂದರೆ. ಯಾವುದೋ ಹಳೆಯ ಕಟ್ಟಡದ ಗೋಡೆಗೆ ಸರಿಯಾಗಿಯೇ ಇರುವ ಸಂಖ್ಯೆ. ಆ ಪದರವನ್ನೇ ತೆಗೆದುಹಾಕಿ ಲೆಕ್ಕ ಮಾಡಿದರೆ U 1.49 ಬರುತ್ತದೆ. ಎಂದರೆ ಅಲ್ಪವಿರಾಮ ಕಳೆದುಹೋದದ್ದೂ ಪದರವೇ ಇಲ್ಲದ್ದೂ ಉತ್ತರದಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. 14 ಸೆಂಟಿಮೀಟರ್ ದಪ್ಪದ ಪದರ ಹಾಕಿದರೂ ವ್ಯತ್ಯಾಸವಿಲ್ಲ ಎಂದಾಗ ಅನುಮಾನ ಬರಬೇಕು.

ಗಾರೆಯ 1,5 ರ ಅಲ್ಪವಿರಾಮ ಬಿದ್ದು 15 ಆದರೋ? U 0.214 ರ ಬದಲು 0.206. ಇದನ್ನು ಉತ್ತರ ನೋಡಿ ಯಾರೂ ಹಿಡಿಯಲಾರರು. ಹಿಡಿಯಬೇಕಾದದ್ದು ಸಾಲನ್ನು ಓದುವಾಗಲೇ: ಅರ್ಧ ಅಡಿ ದಪ್ಪದ ಗಾರೆಯನ್ನು ಯಾವ ಮೇಸ್ತ್ರಿಯೂ ಬಳಿಯುವುದಿಲ್ಲ. ಆದರೆ ಎಲ್ಲ ಸಾಲಿಗೂ ಇಂಥ ಮೇಸ್ತ್ರಿಯ ಬುದ್ಧಿ ಒದಗುವುದಿಲ್ಲವಾದ್ದರಿಂದ ಇನ್ನೊಂದು ಮೊಂಡು ಉಪಾಯ ಇದೆ. ಫೋಟೊದಲ್ಲಿ ಅಂಕಿಗಳ ನಡುವೆ ಇರುವ ಅಲ್ಪವಿರಾಮಗಳನ್ನು ಎಣಿಸಿ. ಈ ಬೋರ್ಡಿನಲ್ಲಿ ಆರು. ಕಾಪಿ ಆದ ಬರಹದಲ್ಲೂ ಎಣಿಸಿ. ಐದು ಬಂದರೆ ಹುಡುಕಿ. ಅರ್ಧ ನಿಮಿಷದ ಕೆಲಸ.

ಕೈಬರಹದ ಅಂಕಿಗೆ ಇನ್ನೊಂದು ಸೂಕ್ಷ್ಮ. ಜರ್ಮನ್ನರ 1 ಕ್ಕೆ ಮುಂದೆ ಉದ್ದನೆಯ ಏರುಗೆರೆ ಇರುತ್ತದೆ, ನಮ್ಮ ಕಣ್ಣಿಗೆ ಅದು 7. ಅವರ 7 ಕ್ಕೆ ನಡುವೆ ಅಡ್ಡಗೆರೆ ಇರುತ್ತದೆ. ಅಡ್ಡಗೆರೆ ಇಲ್ಲದ್ದು 1 ಎಂದು ಓದಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಲ್ಲದಿದ್ದರೆ 14 ಸೆಂಟಿಮೀಟರಿನ ಪದರ 74 ಆಗಿ, ಗೋಡೆ ಹೆಚ್ಚುಕಡಿಮೆ ಒಂದು ಮೀಟರ್ ದಪ್ಪವಾಗುತ್ತದೆ.

ಅಂಕಿ ಚಿಹ್ನೆ ಆಯಿತು, ಹೆಸರುಗಳಿಗೆ ಬರೋಣ. ಈ ಪಾಠದಲ್ಲಿ ಮೂರು ಹೆಸರುಗಳು ಒಂದರ ಪಕ್ಕ ಒಂದು ಬರುತ್ತವೆ:

```
Wärmeleitfähigkeit           λ   W/(m·K)
Wärmeübergangskoeffizient    α   W/(m²·K)
Wärmedurchgangskoeffizient   U   W/(m²·K)
```

ಎರಡನೆಯದನ್ನೂ ಮೂರನೆಯದನ್ನೂ ಯಂತ್ರಕ್ಕೆ ಕೊಟ್ಟರೆ ಎರಡಕ್ಕೂ ಉಷ್ಣ ವರ್ಗಾವಣೆ ಗುಣಾಂಕ ಎಂದು ಹೇಳಿ ಕೈತೊಳೆದುಕೊಳ್ಳುವ ಸಂಭವ ಹೆಚ್ಚು. ಏಕಮಾನವೂ ಒಂದೇ ಆದ್ದರಿಂದ ಅಲ್ಲಿಂದಲೂ ಸಹಾಯ ಸಿಗುವುದಿಲ್ಲ. ವ್ಯತ್ಯಾಸ ಇರುವುದು ಶಾಖ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದರಲ್ಲಿ. λ ವಸ್ತುವಿನ ಒಳಗಿನದು: ಇಟ್ಟಿಗೆಗೊಂದು, ಗಾರೆಗೊಂದು. α ಗಾಳಿಗೂ ಗೋಡೆಯ ಮೈಗೂ ನಡುವಿನದು. U ಈ ಕಡೆಯ ಗಾಳಿಯಿಂದ ಆ ಕಡೆಯ ಗಾಳಿಯ ತನಕ, ನಡುವೆ ಇರುವುದೆಲ್ಲ ಸೇರಿ. ವಿಟಿಯು ಪುಸ್ತಕದಲ್ಲಿ ಇವೇ ಮೂರು k, h, U ಆಗಿದ್ದವು. ಬೋರ್ಡಿನ ಮೇಲೆ ಕೊಟ್ಟಿರುವ `Rsi` ಎಂಬುದು ಒಳಮೈಯ ತಡೆ, ಎಂದರೆ ಒಳಗಿನ h ನ ತಲೆಕೆಳಗು. 0.13 ರ ತಲೆಕೆಳಗು 7.7, 0.04 ರದ್ದು 25. ಹೊರಗೆ ಗಾಳಿ ಬೀಸುವುದರಿಂದ ಅಲ್ಲಿ ಶಾಖ ಬೇಗ ಬಿಟ್ಟುಹೋಗುತ್ತದೆ. ಈ ಎರಡು ಸಂಖ್ಯೆಗಳು ಕಟ್ಟಡದ ಲೆಕ್ಕಕ್ಕೆಂದು ಗೊತ್ತುಮಾಡಿದ ಐಎಸ್‌ಒ 6946 ರವು, ಹೊರಗೋಡೆಗೆ ಸಾಮಾನ್ಯವಾಗಿ ಇವೇ ಬರುತ್ತವೆ. ಅಂಥವನ್ನು ಒಮ್ಮೆ ಕಂಡರೆ ಗುರುತಿಟ್ಟುಕೊಳ್ಳಿ, ಮುಂದೆ ಫೋಟೊ ಮಸುಕಾದರೂ ಓದಬಹುದು.

ಇದೇ ಜಾತಿಯ ಇನ್ನೊಂದು ಜೋಡಿ `Dicke` ಮತ್ತು `Dichte`. ಮೊದಲನೆಯದು ದಪ್ಪ, ಎರಡನೆಯದು ಸಾಂದ್ರತೆ. ಮಸುಕು ಫೋಟೊದಲ್ಲಿ ಒಂದರ ಹಾಗೆ ಇನ್ನೊಂದು ಕಾಣುತ್ತದೆ, ಯಂತ್ರವೂ ಒಂದನ್ನು ಇನ್ನೊಂದೆಂದು ಓದಬಹುದು. ಪಕ್ಕದಲ್ಲಿ d ಇದೆಯೋ ρ ಇದೆಯೋ, cm ಇದೆಯೋ kg/m³ ಇದೆಯೋ ನೋಡದೆ ಈ ಪದಗಳಿಗೆ ಕನ್ನಡ ಬರೆಯಬೇಡಿ. ಅಂದ ಹಾಗೆ, ನಮ್ಮಲ್ಲಿ d ಎಂದರೆ ವ್ಯಾಸ ಎಂದು ಕೈಗೆ ಅಭ್ಯಾಸವಾಗಿರುತ್ತದೆ. ಇಲ್ಲಿ ಅದು ದಪ್ಪ.

ಈಗ ಕನ್ನಡಕ್ಕೆ ನಿಜವಾಗಿ ಕೆಲಸ ಇರುವ ಜಾಗ: ವಾಕ್ಯಗಳು. ಬೋರ್ಡಿನ ಮೂಲೆಯಲ್ಲಿ ಪ್ರಾಧ್ಯಾಪಕರು ಹೀಗೆ ಬರೆದಿದ್ದಾರೆ ಎಂದಿಟ್ಟುಕೊಳ್ಳಿ:

```
Die von der Raumluft an die Wand übertragene Wärme
fließt durch alle Schichten, d. h. q̇ ist überall gleich.
```

ಹೆಚ್ಚಿನವರು ಇದನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಕನ್ನಡಕ್ಕೆ ತರುತ್ತಾರೆ. ಅದು ಸುತ್ತುದಾರಿ. ಮೊದಲ ಸಾಲನ್ನು ಪದಪದವಾಗಿ ಇಳಿಸಿ ನೋಡಿ: ಕೋಣೆಯ ಗಾಳಿಯಿಂದ, ಗೋಡೆಗೆ, ದಾಟಿದ, ಶಾಖ. ಕೋಣೆಯ ಗಾಳಿಯಿಂದ ಗೋಡೆಗೆ ದಾಟಿದ ಶಾಖ! ಏನೂ ಹಿಂದುಮುಂದು ಮಾಡಬೇಕಾಗಿಲ್ಲ. ವಿವರಣೆಯೆಲ್ಲ ಮೊದಲು, ಹೆಸರು ಕೊನೆಗೆ. ಕನ್ನಡದ ಮನೆಮಾತಿನ ಕ್ರಮವೇ ಅದು. ಇಂಗ್ಲಿಷಿನಲ್ಲಿ ಶಾಖ ಮೊದಲು ಬಂದು, ಅದರ ಬಾಲವಾಗಿ ಉಳಿದದ್ದು ಬರುತ್ತದೆ; ಅಲ್ಲಿಂದ ಮತ್ತೆ ಕನ್ನಡಕ್ಕೆ ತಂದರೆ ಯಾವ ಶಾಖವೋ ಅದು ಯಾವುದರಿಂದ ಎಂಬಂಥ ಬಾಲಂಗೋಚಿ ವಾಕ್ಯ ಹುಟ್ಟುತ್ತದೆ. ಜರ್ಮನ್ನಿನ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದೂ ನಮಗೆ ಅನುಕೂಲವೇ. `wenn` ಎಂದು ಶುರುವಾಗಿ ಕ್ರಿಯಾಪದದಲ್ಲಿ ಮುಗಿಯುವ ತುಂಡನ್ನು ಕಂಡರೆ ಅದರ ಕ್ರಿಯಾಪದಕ್ಕೆ ‘-ಅರೆ’ ಪ್ರತ್ಯಯ ಹಚ್ಚಿದರೆ ಆಯಿತು: ಇದ್ದರೆ, ಹೆಚ್ಚಾದರೆ, ಬದಲಾಗದಿದ್ದರೆ. ಕ್ಲಾಸಿನಲ್ಲಿ ಎಲ್ಲರೂ ಗೋಳಾಡುವ ಈ ವ್ಯಾಕರಣ ಕನ್ನಡದವರಿಗೆ ಇಷ್ಟು ಹತ್ತಿರದ್ದು ಎಂದು ಕಲಿಸುವವರು ಹೇಳದೇ ಇರುವುದು ನನಗೆ ಯಾವಾಗಲೂ ಸೋಜಿಗ.

ಬೋರ್ಡಿನಲ್ಲಿ `Ann.:` ಎಂದು ಬರೆದ ಮೂರು ಊಹೆಗಳು, ನೋಡಲು ಸಣ್ಣವು, ಇಡೀ ಲೆಕ್ಕ ನಿಂತಿರುವುದೇ ಅವುಗಳ ಮೇಲೆ. `stationär` ಎಂಬುದಕ್ಕೆ ಯಂತ್ರ ನಿಶ್ಚಲ ಎನ್ನಬಹುದು. ಇಲ್ಲಿ ಯಾವುದೂ ನಿಶ್ಚಲವಲ್ಲ, ಶಾಖ ಹರಿಯುತ್ತಲೇ ಇದೆ. ಹೊತ್ತು ಕಳೆದಂತೆ ಎಲ್ಲೂ ತಾಪ ಬದಲಾಗುವುದಿಲ್ಲ ಎಂದಷ್ಟೇ ಅದರ ಅರ್ಥ. ಹಾಗಾಗಿ ಒಂದು ಪದಕ್ಕೆ ಒಂದು ಪದ ಇಡುವ ಬದಲು ವಾಕ್ಯವನ್ನೇ ಬರೆದುಕೊಳ್ಳಬೇಕು, ಅದರಿಂದ ಏನಾಗುತ್ತದೆ ಎಂಬುದನ್ನೂ ಸೇರಿಸಿ. ಈ ಬೋರ್ಡಿಗೆ ಕನ್ನಡದ ಟಿಪ್ಪಣಿ ಹೀಗಿರಬಹುದು:

ಎಲ್ಲೂ ತಾಪ ಹೊತ್ತಿನ ಜೊತೆ ಬದಲಾಗುವುದಿಲ್ಲ, ಹಾಗಾಗಿ ಯಾವ ಪದರವೂ ಶಾಖವನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುವುದಿಲ್ಲ. ಗೋಡೆಯೊಳಗೆ ಶಾಖ ಹುಟ್ಟುವ ಮೂಲವಿಲ್ಲ. ಶಾಖ ಅಡ್ಡಡ್ಡ ಹರಿಯುವುದಿಲ್ಲ, ಒಳಗಿನಿಂದ ಹೊರಕ್ಕೆ ನೇರ ಹೋಗುತ್ತದೆ. ಈ ಮೂರೂ ಇದ್ದರೆ ಒಳಗೆ ಬಂದಷ್ಟೇ ಶಾಖ ಪ್ರತಿ ಪದರದಿಂದ ಹೊರಗೆ ಹೋಗಬೇಕು, ಆದ್ದರಿಂದ q̇ ಎಲ್ಲೆಡೆ ಒಂದೇ, ಆದ್ದರಿಂದ ತಡೆಗಳನ್ನು ಸುಮ್ಮನೆ ಕೂಡಬಹುದು. ಒಂದು ಮುರಿದರೂ ಕೂಡುವ ಹಾಗಿಲ್ಲ. ಹೆಚ್ಚು ತಡೆಯುವ ಪದರದಲ್ಲಿ ತಾಪ ಹೆಚ್ಚು ಇಳಿಯುತ್ತದೆ: 30 ಡಿಗ್ರಿಯಲ್ಲಿ ಸುಮಾರು 26 ಡಿಗ್ರಿ ಹೊರಪದರದಲ್ಲೇ ಇಳಿಯುತ್ತದೆ.

ಹೀಗೆ ಬರೆದ ಮೇಲೆ ಬೋರ್ಡಿನಲ್ಲಿ ಇಲ್ಲದ ಕೊನೆಯ ವಾಕ್ಯವೂ ತಾನಾಗಿ ಹೊರಟುಬಂತು ನೋಡಿ. 6.4 ನ್ನು 4.00 ರಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಅನುವಾದ ಮಾಡಿಟ್ಟ ಟಿಪ್ಪಣಿಯಲ್ಲಿ ಅಂಥ ವಾಕ್ಯ ಹುಟ್ಟುವುದಿಲ್ಲ. ಬೆಂಗಳೂರಿನ ಮನೆಯ ಗೋಡೆಯನ್ನೂ ಪಕ್ಕದಲ್ಲಿ ಹಾಕಿ ನೋಡಬಹುದು: ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, 0.23 ಮೀಟರ್, λ 0.8 ಎಂದು ಹಿಡಿದರೆ U ಸುಮಾರು 2.2. ಆ ದೇಶದ ಈ ಗೋಡೆಯ ಹತ್ತು ಪಟ್ಟು. ನಮ್ಮಲ್ಲಿ ಒಳಗೂ ಹೊರಗೂ 30 ಡಿಗ್ರಿ ಅಂತರ ಬರುವುದಿಲ್ಲವಾದ್ದರಿಂದ ಯಾರಿಗೂ ಅದರ ಚಿಂತೆ ಇಲ್ಲ.

ಟಿಪ್ಪಣಿಯ ಹಾಳೆಯಲ್ಲಿ ಎಡಗಡೆ ಕಿರಿದಾದ ಪಟ್ಟಿ ಬಿಟ್ಟು ಜರ್ಮನ್ ಹೆಸರು, ಅದರ ಲಿಂಗ ಸೂಚಿಸುವ `der`, `die`, `das`, ಚಿಹ್ನೆ, ಏಕಮಾನ ಬರೆದುಕೊಳ್ಳಿ. ಬಲಗಡೆ ಕನ್ನಡದ ವಾಕ್ಯಗಳು. ಅಂಕಿಗಳಿಗೆ ಕನ್ನಡ ವಾಕ್ಯದ ನಡುವೆಯೂ ಜರ್ಮನ್ ಅಲ್ಪವಿರಾಮವನ್ನೇ ಇಡುವುದು ಮೇಲು. ಪರೀಕ್ಷೆಯ ಹಾಳೆಯಲ್ಲಿ ಅದೇ ಬರುತ್ತದೆ, ಎರಡು ಪದ್ಧತಿ ಬೆರೆಸಿದರೆ ಕೈ ತಪ್ಪುತ್ತದೆ. ಕ್ಯಾಲ್ಕ್ಯುಲೇಟರ್ ಮಾತ್ರ ಚುಕ್ಕೆ ಕೇಳುತ್ತದೆ. ಓದುವಾಗ ಬಲಗಡೆಯ ಕನ್ನಡ ನೋಡಿ ಜರ್ಮನ್ನಿನಲ್ಲಿ ಬಾಯಿಬಿಟ್ಟು ಹೇಳುವ ಅಭ್ಯಾಸ ಇಲ್ಲದಿದ್ದರೆ ಈ ಶ್ರಮವೆಲ್ಲ ಮೌಖಿಕ ಪರೀಕ್ಷೆಯಲ್ಲಿ ಕೈಕೊಡುತ್ತದೆ. ಅರ್ಥವಾಗಿರುತ್ತದೆ, ಹೇಳಲು ಬರುವುದಿಲ್ಲ.

ಬೆಂಗಳೂರಿನಲ್ಲಿ ಅದೇ ವಿಷಯ ಓದುತ್ತಿರುವ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಫೋನಿನಲ್ಲಿ ವಿವರಿಸುವುದು ಟಿಪ್ಪಣಿಯನ್ನು ಪರೀಕ್ಷಿಸುವ ಸುಲಭ ದಾರಿ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಮೂರೂವರೆ. ಅಲ್ಲಿಯ ಸಂಜೆ ಐದು ಎಂದರೆ ಇಲ್ಲಿ ಊಟ ಮುಗಿದ ಹೊತ್ತು. "ಅಕ್ಕಾ, q ಎಲ್ಲ ಕಡೆ ಒಂದೇ ಅಂತೀಯ, ಹಾಗಾದ್ರೆ ತಾಪ ಯಾಕೆ ಒಂದೊಂದು ಪದರದಲ್ಲಿ ಒಂದೊಂದು ಥರ ಇಳಿಯತ್ತೆ?" ಎಂದು ಆ ಕಡೆಯಿಂದ ಬಂದರೆ, ಉತ್ತರ ಹಾಳೆಯಲ್ಲಿ ಇರಬೇಕು. ಇಲ್ಲದಿದ್ದರೆ ಆ ವಾಕ್ಯ ಬರೆಯುವುದು ಬಾಕಿ ಇದೆ.

ಕೊನೆಗೆ ಒಂದು ವ್ಯವಹಾರದ ಮಾತು. ಅಲ್ಲಿ ಕೆಲವು ಪರೀಕ್ಷೆಗಳಿಗೆ ಕೈಯಲ್ಲಿ ಬರೆದ ಒಂದು ಹಾಳೆ ಒಯ್ಯಲು ಬಿಡುತ್ತಾರೆ. ಏನೇನು ಒಯ್ಯಬಹುದು ಎನ್ನುವುದು `zugelassene Hilfsmittel` ಎಂಬ ತಲೆಬರಹದ ಕೆಳಗೆ ಇರುತ್ತದೆ. ಅದರಲ್ಲಿ ಭಾಷೆಯ ಮಾತು ಇಲ್ಲದಿದ್ದರೆ ಕನ್ನಡದಲ್ಲಿ ಬರೆದದ್ದು ನಡೆಯುತ್ತದೆ ಎಂದು ನೀವೇ ತೀರ್ಮಾನಿಸಬೇಡಿ. ಮೇಲ್ವಿಚಾರಕರಿಗೆ ಓದಲು ಬಾರದ ಲಿಪಿಯ ಹಾಳೆಯನ್ನು ಅವರು ಪರಿಶೀಲಿಸುವಂತಿಲ್ಲ, ಪರೀಕ್ಷೆಯ ದಿನ ಎತ್ತಿಟ್ಟುಕೊಳ್ಳಬಹುದು. ಎರಡು ವಾರ ಮುಂಚೆ ಪ್ರಾಧ್ಯಾಪಕರಿಗೆ ಒಂದು ಇಮೇಲ್ ಹಾಕಿ ಲಿಖಿತ ಉತ್ತರ ತರಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಎಡಗಡೆಯ ಪಟ್ಟಿಯನ್ನಷ್ಟೇ ಇನ್ನೊಂದು ಹಾಳೆಗೆ ಇಳಿಸಿ ಒಯ್ಯಿರಿ.